ಹಳೆಯ ಕಾರಿನ ಮಾರಾಟ, ಹಳೆಯ ಒಡವೆಯ ಮಾರಾಟ: ಬಂಡವಾಳ ಲಾಭದ ತೆರಿಗೆ ಯಾವುದಕ್ಕೆ, ಎಷ್ಟು?

ಮನೆಯಲ್ಲಿ ಎಂಟು ವರ್ಷ ಓಡಿಸಿದ ಕಾರನ್ನು ಮಾರಿದಾಗ ಬರುವ ಹಣಕ್ಕೂ, ಅಜ್ಜಿಯ ಕಾಲದ ಸರವನ್ನು ಚಿನ್ನದಂಗಡಿಗೆ ಕೊಟ್ಟಾಗ ಬರುವ ಹಣಕ್ಕೂ ಮನೆಯವರ ಲೆಕ್ಕದಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಎರಡೂ ಮನೆಯ ವಸ್ತು, ಎರಡೂ ಬಳಸಿದ ವಸ್ತು. ಆದರೆ ಆದಾಯ ತೆರಿಗೆ ಕಾಯ್ದೆ ಇವೆರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಸ್ವಂತ ಬಳಕೆಯ ಕಾರಿನಲ್ಲಿ ಲಾಭ ಬಂದರೂ ತೆರಿಗೆ ಇಲ್ಲ, ನಷ್ಟವಾದರೆ ಅದನ್ನು ಲೆಕ್ಕಕ್ಕೆ ಹಿಡಿಯುವಂತೆಯೂ ಇಲ್ಲ. ಒಡವೆ ನಿತ್ಯ ಧರಿಸಿದ್ದೇ ಆದರೂ, ಎಷ್ಟೇ ಹಳೆಯದಾದರೂ, ಮಾರಿದಾಗ ಬರುವ ಲಾಭಕ್ಕೆ ತೆರಿಗೆ ಇದೆ. ಮದುವೆಯ ಸಮಯದಲ್ಲಿ ಹಳೆಯ ಒಡವೆ ಕೊಟ್ಟು ಹೊಸದನ್ನು ಕೊಳ್ಳುವ ಕುಟುಂಬಗಳಿಗೆ ಈ ವ್ಯತ್ಯಾಸ ತಿಳಿದಿರುವುದು ಅಗತ್ಯ. ಕೈಗೆ ಒಂದು ರೂಪಾಯಿಯೂ ಬಾರದೆ ತೆರಿಗೆ ಮಾತ್ರ ಬರುವ ಸಂದರ್ಭ ಅಲ್ಲಿ ಉಂಟು.

ಇಲ್ಲಿ ಕೊಟ್ಟಿರುವ ನಿಯಮಗಳೂ ಲೆಕ್ಕಗಳೂ 2025–26ರ ಆರ್ಥಿಕ ವರ್ಷದ ಮಾರಾಟಕ್ಕೆ, ಭಾರತದಲ್ಲಿ ನೆಲೆಸಿರುವ ವ್ಯಕ್ತಿಗಳಿಗೆ ಸಂಬಂಧಿಸಿದವು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ. ಕಾರು ಮತ್ತು ಒಡವೆಯ ನಡುವಿನ ಈ ಭೇದವನ್ನು ಅದೂ ಉಳಿಸಿಕೊಂಡಿದೆ.

ಮೊದಲ ಪ್ರಶ್ನೆ: ಅದು ಬಂಡವಾಳ ಆಸ್ತಿಯೇ?

ಬಂಡವಾಳ ಲಾಭದ ತೆರಿಗೆ ಬರುವುದು ‘ಬಂಡವಾಳ ಆಸ್ತಿ’ಯನ್ನು ಹಸ್ತಾಂತರಿಸಿದಾಗ ಮಾತ್ರ. ಆದುದರಿಂದ ಎಷ್ಟು ಲಾಭ ಬಂತು ಎಂದು ಕೇಳುವ ಮೊದಲು, ಮಾರಿದ ವಸ್ತು ಬಂಡವಾಳ ಆಸ್ತಿಯೇ ಎಂದು ಕೇಳಬೇಕು. 1961ರ ಕಾಯ್ದೆಯ 2(14)ನೇ ಕಲಮಿನ ವ್ಯಾಖ್ಯೆ ಬಹಳ ವಿಶಾಲವಾದುದು. ವ್ಯಕ್ತಿಯೊಬ್ಬ ಹೊಂದಿರುವ ಬಹುತೇಕ ಎಲ್ಲ ಆಸ್ತಿಯೂ ಅದರೊಳಗೆ ಬರುತ್ತದೆ. ಆದರೆ ಅದೇ ಕಲಮು ಕೆಲವನ್ನು ಹೊರಗಿಡುತ್ತದೆ. ಅವುಗಳಲ್ಲಿ ಒಂದು, ತೆರಿಗೆದಾರ ಅಥವಾ ಅವನನ್ನು ಅವಲಂಬಿಸಿದ ಕುಟುಂಬದವರು ಸ್ವಂತಕ್ಕೆ ಬಳಸುವ ಚರ ವಸ್ತುಗಳು. ಬಟ್ಟೆಬರೆ, ಪೀಠೋಪಕರಣ, ಫ್ರಿಜ್, ಸ್ಕೂಟರ್, ಕಾರು ಇವೆಲ್ಲ ಈ ಗುಂಪಿನವು.

ಹಾಗಾದರೆ ಕೊರಳಿನ ಸರವೂ ಸ್ವಂತ ಬಳಕೆಯದೇ ಅಲ್ಲವೇ? ಒಂದು ಕಾಲದಲ್ಲಿ ಹಾಗೆಯೇ ಇತ್ತು. 1972ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ, 1973ರ ಏಪ್ರಿಲ್ 1ರಿಂದ ಒಡವೆಯನ್ನು ಈ ವಿನಾಯಿತಿಯಿಂದ ಹೆಸರಿಟ್ಟು ತೆಗೆಯಲಾಯಿತು. ಮುಂದೆ 2008ರ ಏಪ್ರಿಲ್ 1ರಿಂದ ಪುರಾತನ ವಸ್ತುಗಳ ಸಂಗ್ರಹ, ರೇಖಾಚಿತ್ರ, ವರ್ಣಚಿತ್ರ, ಶಿಲ್ಪ ಮತ್ತು ಇತರ ಕಲಾಕೃತಿಗಳೂ ಒಡವೆಯ ಸಾಲಿಗೆ ಸೇರಿದವು. ಇವುಗಳ ಬೆಲೆ ಬಳಕೆಯಿಂದ ಇಳಿಯುವುದಿಲ್ಲ, ಕಾಲ ಹೋದಂತೆ ಏರುತ್ತದೆ. ಜನರು ಇವನ್ನು ಉಳಿತಾಯವಾಗಿಯೂ ಇಟ್ಟುಕೊಳ್ಳುತ್ತಾರೆ.

ಕಾರಿನ ಲೆಕ್ಕ

ಕುಟುಂಬದ ಓಡಾಟಕ್ಕೆ ಇಟ್ಟುಕೊಂಡ ಕಾರು ಬಂಡವಾಳ ಆಸ್ತಿಯಲ್ಲ. 7,80,000 ರೂ.ಗೆ ಕೊಂಡ ಕಾರನ್ನು ಎಂಟು ವರ್ಷದ ನಂತರ 3,10,000 ರೂ.ಗೆ ಮಾರಿದರೆ 4,70,000 ರೂ. ಕಡಿಮೆ ಬಂದಂತಾಯಿತು. ಆದರೆ ಕಾಯ್ದೆಯ ದೃಷ್ಟಿಯಲ್ಲಿ ಇದು ಬಂಡವಾಳ ನಷ್ಟವಲ್ಲ. ಅದನ್ನು ಬೇರೆ ಲಾಭದಿಂದ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಅದೇ ರೀತಿ, ಸೆಕೆಂಡ್ ಹ್ಯಾಂಡ್ ಕಾರೊಂದನ್ನು 2,80,000 ರೂ.ಗೆ ಕೊಂಡು, ಎರಡು ವರ್ಷ ಓಡಿಸಿ, 3,10,000 ರೂ.ಗೆ ಮಾರಿದವರಿಗೆ ಬಂದ 30,000 ರೂ. ಲಾಭಕ್ಕೆ ತೆರಿಗೆಯೂ ಇಲ್ಲ.

ಈ ವಿನಾಯಿತಿಗೆ ಮುಖ್ಯವಾದ ಮಿತಿ ವ್ಯಾಪಾರದ ಕಾರಿನದು. ಅಂಗಡಿ, ವೃತ್ತಿ ಅಥವಾ ಉದ್ಯಮದ ಲೆಕ್ಕದಲ್ಲಿ ಕಾರನ್ನು ತೋರಿಸಿ ವರ್ಷವರ್ಷ ಸವಕಳಿ ಕಳೆದುಕೊಂಡಿದ್ದರೆ ಅದು ಸ್ವಂತ ಬಳಕೆಯ ವಸ್ತುವಲ್ಲ. ಆರ್.ಸಿ. ಪುಸ್ತಕದಲ್ಲಿ ಸ್ವಂತ ಹೆಸರಿರುವುದು ಇಲ್ಲಿ ಉಪಯೋಗಕ್ಕೆ ಬಾರದು. ಉದಾಹರಣೆಗೆ, ಒಬ್ಬ ವ್ಯಾಪಾರಿ 2021–22ರ ಆರಂಭದಲ್ಲಿ 9,00,000 ರೂ.ಗೆ ಕಾರು ಕೊಂಡು ಅಂಗಡಿಯ ಲೆಕ್ಕದಲ್ಲಿ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆದಿದ್ದಾರೆ ಎಂದಿಟ್ಟುಕೊಳ್ಳಿ. ನಾಲ್ಕು ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿಯುವ ಮೌಲ್ಯ ಸುಮಾರು 4,69,800 ರೂ. ಐದನೆಯ ವರ್ಷ ಕಾರನ್ನು 5,20,000 ರೂ.ಗೆ ಮಾರಿದರು, ಆ ಗುಂಪಿನಲ್ಲಿ ಬೇರೆ ಆಸ್ತಿ ಇಲ್ಲ. ಕೊಂಡ ಬೆಲೆಗೆ ಹೋಲಿಸಿದರೆ 3,80,000 ರೂ. ಕಡಿಮೆ ಬಂದಿದೆ. ಆದರೂ 50ನೇ ಕಲಮಿನ ಪ್ರಕಾರ ಸುಮಾರು 50,200 ರೂ. ಅಲ್ಪಾವಧಿ ಬಂಡವಾಳ ಲಾಭವಾಗುತ್ತದೆ. ಲಾಭವನ್ನು ಅಳೆಯುವುದು ಕೊಂಡ ಬೆಲೆಯಿಂದಲ್ಲ, ಸವಕಳಿ ಕಳೆದು ಉಳಿದ ಮೌಲ್ಯದಿಂದ. ಅಂದಾಜು ಆದಾಯದ 44ಎಡಿ ಪದ್ಧತಿಯಲ್ಲಿ ರಿಟರ್ನ್ ಸಲ್ಲಿಸುವವರು ಸವಕಳಿಯನ್ನು ಬೇರೆಯಾಗಿ ತೋರಿಸದಿದ್ದರೂ, ಅವರಿಗೆ ಅದು ಸಿಕ್ಕಿದೆ ಎಂದೇ ಕಾಯ್ದೆ ಭಾವಿಸುತ್ತದೆ.

‘ಸ್ವಂತ ಬಳಕೆ’ ಎಂಬುದು ನಿಜವಾದ ಬಳಕೆಯಾಗಿರಬೇಕು ಎಂಬುದೂ ನೆನಪಿರಲಿ. ವಿಂಟೇಜ್ ಕಾರೊಂದರ ಮಾರಾಟದ ಪ್ರಕರಣದಲ್ಲಿ, ಕಾರು ಸ್ವಂತ ಬಳಕೆಗೆ ಯೋಗ್ಯವಾಗಿದ್ದರೆ ಸಾಲದು, ಹಾಗೆ ಬಳಸಿದ್ದಕ್ಕೆ ಪುರಾವೆ ಬೇಕು ಎಂದು ಬಾಂಬೆ ಹೈಕೋರ್ಟ್ ಹೇಳಿ ಲಾಭಕ್ಕೆ ತೆರಿಗೆ ವಿಧಿಸಿದ್ದನ್ನು ಎತ್ತಿಹಿಡಿದಿದೆ. ಸಾಮಾನ್ಯ ಕುಟುಂಬದ ಕಾರಿಗೆ ಈ ತೊಂದರೆ ಬರುವುದಿಲ್ಲ. ವಿಮೆ, ಸರ್ವೀಸ್ ಬಿಲ್ಲುಗಳೇ ಅದಕ್ಕೆ ಸಾಕ್ಷಿ.

ಒಡವೆ ಎಂದರೆ ಏನೇನು?

ಚಿನ್ನ, ಬೆಳ್ಳಿ, ಪ್ಲಾಟಿನಂ ಮುಂತಾದ ಬೆಲೆಬಾಳುವ ಲೋಹದ, ಅಥವಾ ಅಂಥ ಲೋಹ ಬೆರೆತ ಮಿಶ್ರಲೋಹದ ಆಭರಣಗಳೆಲ್ಲ ಒಡವೆಯೇ. ಕಲ್ಲು ಕೂರಿಸಿರಲಿ ಬಿಡಲಿ, ಸೀರೆಯ ಮೇಲೆ ಹೊಲಿದಿರಲಿ, ವ್ಯತ್ಯಾಸವಿಲ್ಲ. ಬಿಡಿಯಾದ ಹರಳುಗಳೂ, ಪಾತ್ರೆಗೋ ಪೀಠೋಪಕರಣಕ್ಕೋ ಕೂರಿಸಿದ ಹರಳುಗಳೂ ಸೇರುತ್ತವೆ. ಆದುದರಿಂದ ಡಾಬು, ವಂಕಿ, ಬೆಂಡೋಲೆ, ಕಾಲಂದುಗೆ ಎಲ್ಲವೂ ತೆರಿಗೆಯ ವ್ಯಾಪ್ತಿಯೊಳಗಿವೆ.

ಬೆಳ್ಳಿ ಪಾತ್ರೆಗಳ ವಿಷಯ ಸ್ವಲ್ಪ ಸೂಕ್ಷ್ಮ. ಊಟಕ್ಕೆ, ನಿತ್ಯದ ಬಳಕೆಗೆ ಇರುವ ತಟ್ಟೆ, ಲೋಟ, ಚೊಂಬುಗಳು ಆಭರಣವಲ್ಲ. ಅವು ಸ್ವಂತ ಬಳಕೆಯ ವಸ್ತುಗಳೆಂದು ನ್ಯಾಯಾಲಯಗಳು ಒಪ್ಪಿದ್ದುಂಟು. ಆದರೆ ಚಿನ್ನದ ನಾಣ್ಯ, ಬೆಳ್ಳಿ ಗಟ್ಟಿಗಳನ್ನು ಪೂಜೆಯಲ್ಲಿ ಇಡುತ್ತಿದ್ದೇವೆ ಎಂಬ ಕಾರಣ ಸಾಲದು. ರಾಜಮನೆತನದವರೊಬ್ಬರು ಚಿನ್ನದ ಸವರನ್ನು, ಬೆಳ್ಳಿ ರೂಪಾಯಿ ಮತ್ತು ಬೆಳ್ಳಿ ಗಟ್ಟಿಗಳನ್ನು ಪೂಜೆಗೆ ಬಳಸುತ್ತಿದ್ದುದಾಗಿ ವಾದಿಸಿದಾಗ, ಅವುಗಳಿಗೂ ವ್ಯಕ್ತಿಗೂ ಇರಬೇಕಾದ ನಿಕಟವಾದ ಬಳಕೆಯ ಸಂಬಂಧ ಕಾಣುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1976ರಲ್ಲಿ ತೀರ್ಪಿತ್ತಿತು. ಹಬ್ಬಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬರುವ ನಾಣ್ಯ ಬಂಡವಾಳ ಆಸ್ತಿಯೇ.

ಎಷ್ಟು ಕಾಲ, ಯಾವ ದರ?

2024ರ ಜುಲೈ 23 ಮತ್ತು ಆನಂತರದ ಮಾರಾಟಗಳಲ್ಲಿ, 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಒಡವೆಯ ಲಾಭ ದೀರ್ಘಾವಧಿಯದು. ಅದಕ್ಕೆ ಶೇ. 12.5 ತೆರಿಗೆ. ಅದಕ್ಕಿಂತ ಕಡಿಮೆ ಅವಧಿಯಾದರೆ ಲಾಭ ಅಲ್ಪಾವಧಿಯದು. ಅದು ಉಳಿದ ಆದಾಯದ ಜೊತೆ ಸೇರಿ ಸಾಮಾನ್ಯ ಸ್ಲ್ಯಾಬ್ ದರದಲ್ಲಿ ತೆರಿಗೆಗೆ ಒಳಗಾಗುತ್ತದೆ. ಎರಡಕ್ಕೂ ಶೇ. 4ರ ಸೆಸ್ ಸೇರುತ್ತದೆ.

ಆ ದಿನಾಂಕಕ್ಕೆ ಮೊದಲು 36 ತಿಂಗಳ ಗಡುವು ಇತ್ತು. ಹಣದುಬ್ಬರದ ಸೂಚ್ಯಂಕದಿಂದ ಕೊಂಡ ಬೆಲೆಯನ್ನು ಏರಿಸಿಕೊಂಡು ಶೇ. 20 ತೆರಿಗೆ ಕಟ್ಟುವ ಪದ್ಧತಿಯೂ ಇತ್ತು. ಈಗ ಒಡವೆಗೆ ಸೂಚ್ಯಂಕದ ಅನುಕೂಲ ಇಲ್ಲ. ಹಳೆಯ ಪದ್ಧತಿಯನ್ನು ಆರಿಸಿಕೊಳ್ಳುವ ಅವಕಾಶ 2024ರ ಜುಲೈ 23ಕ್ಕೆ ಮೊದಲು ಪಡೆದ ಭೂಮಿ ಮತ್ತು ಕಟ್ಟಡಕ್ಕೆ ಮಾತ್ರ ಉಳಿದಿದೆ. ಮನೆ ಮಾರಿದ ಬಂಧುಗಳು ಹೇಳಿದ ಲೆಕ್ಕವನ್ನು ಒಡವೆಗೆ ಅನ್ವಯಿಸುವುದು ಆದುದರಿಂದ ತಪ್ಪಾಗುತ್ತದೆ.

ಹಿರಿಯರಿಂದ ಬಂದ ಒಡವೆಯ ‘ಕೊಂಡ ಬೆಲೆ’

ಉಡುಗೊರೆಯಾಗಿ, ಮರಣಶಾಸನದಿಂದ ಅಥವಾ ಉತ್ತರಾಧಿಕಾರದಿಂದ ಬಂದ ಒಡವೆಗೆ ಪಡೆದವರು ಏನೂ ಕೊಟ್ಟಿರುವುದಿಲ್ಲ. ಹಾಗೆಂದು ಅದರ ವೆಚ್ಚ ಸೊನ್ನೆಯಾಗುವುದಿಲ್ಲ. 49(1)ನೇ ಕಲಮಿನ ಪ್ರಕಾರ ಹಿಂದಿನ ಒಡೆಯರು ಕೊಟ್ಟ ಬೆಲೆಯೇ ಈಗಿನವರ ವೆಚ್ಚ. ಅವಧಿಯನ್ನು ಲೆಕ್ಕ ಹಾಕುವಾಗಲೂ ಹಿಂದಿನ ಒಡೆಯರು ಇಟ್ಟುಕೊಂಡ ಕಾಲ ಸೇರುತ್ತದೆ. ಅಜ್ಜಿಯ ಬಳೆ ಕಳೆದ ತಿಂಗಳಷ್ಟೇ ಮೊಮ್ಮಗಳ ಕೈಗೆ ಬಂದಿದ್ದರೂ, ಅದನ್ನು ಮಾರಿದರೆ ಲಾಭ ದೀರ್ಘಾವಧಿಯದೇ.

ಹಿಂದಿನ ಒಡೆಯರು 2001ರ ಏಪ್ರಿಲ್ 1ಕ್ಕೆ ಮೊದಲೇ ಆ ಒಡವೆಯನ್ನು ಕೊಂಡಿದ್ದರೆ, ಹಳೆಯ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಮೌಲ್ಯವನ್ನು ವೆಚ್ಚವಾಗಿ ತೆಗೆದುಕೊಳ್ಳಬಹುದು. ಆಗ ಹತ್ತು ಗ್ರಾಂ ಶುದ್ಧ ಚಿನ್ನದ ಬೆಲೆ 4,200 ರೂ. ಆಸುಪಾಸಿನಲ್ಲಿತ್ತು. ಈ ಮೌಲ್ಯವನ್ನು ಒಡವೆಗಳ ನೋಂದಾಯಿತ ಮೌಲ್ಯಮಾಪಕರು ತೂಕ, ಕ್ಯಾರೆಟ್, ಹರಳು ನೋಡಿ ವರದಿ ಮಾಡಿ ಕೊಡುತ್ತಾರೆ.

ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಒಡವೆ ಕೈಗೆ ಬಂದ ವರ್ಷದ ಚಿನ್ನದ ಬೆಲೆಯನ್ನು ವೆಚ್ಚವೆಂದು ಹಿಡಿಯುವುದೇ ಆ ತಪ್ಪು. 2012ರಲ್ಲಿ ಅತ್ತೆಯವರಿಂದ ಬಂದ ಸರಕ್ಕೆ 2012ರ ಬೆಲೆ ವೆಚ್ಚವಾಗುವುದಿಲ್ಲ. ಅತ್ತೆಯವರು ಕೊಟ್ಟ ಬೆಲೆ, ಅಥವಾ ಅವರು 2001ಕ್ಕೆ ಮೊದಲು ಪಡೆದಿದ್ದರೆ 2001ರ ಏಪ್ರಿಲ್ 1ರ ಮೌಲ್ಯ, ಇವೆರಡೇ ದಾರಿ.

ಒಂದು ಮನೆಯ ಪೂರ್ತಿ ಲೆಕ್ಕ

ದಾವಣಗೆರೆಯ ಒಂದು ಮನೆ ಎಂದಿಟ್ಟುಕೊಳ್ಳೋಣ. 64 ವರ್ಷದ ಗೃಹಿಣಿ. ಪತಿ ತೀರಿಕೊಂಡಿದ್ದಾರೆ. ಬ್ಯಾಂಕ್ ಠೇವಣಿಯ ಬಡ್ಡಿ ವರ್ಷಕ್ಕೆ 1,20,000 ರೂ. ಬೇರೆ ಆದಾಯವಿಲ್ಲ. ಮೊಮ್ಮಗಳ ಮದುವೆಗೆಂದು 2025ರ ಡಿಸೆಂಬರಿನಲ್ಲಿ ಅವರು ಮೂರು ವಸ್ತುಗಳನ್ನು ವಿಲೇವಾರಿ ಮಾಡುತ್ತಾರೆ. ಅಂಗಡಿಯವರು 22 ಕ್ಯಾರೆಟ್ ಹಳೆಯ ಚಿನ್ನಕ್ಕೆ ಗ್ರಾಂಗೆ 11,500 ರೂ. ಹಿಡಿದರು ಎಂಬುದು ಈ ಲೆಕ್ಕದ ಊಹೆ.

ಮೊದಲನೆಯದು ಕಾರು. ಅವರ ಹೆಸರಿನಲ್ಲಿ 7,80,000 ರೂ.ಗೆ ಕೊಂಡದ್ದು, ಈಗ 3,10,000 ರೂ.ಗೆ ಹೋಯಿತು. ಮೇಲೆ ಹೇಳಿದಂತೆ ಇದು ಲೆಕ್ಕಕ್ಕೇ ಬರುವುದಿಲ್ಲ. ಇದರ 4,70,000 ರೂ. ಕೊರತೆಯನ್ನು ಒಡವೆಯ ಲಾಭದಿಂದ ಕಳೆಯಲಾಗದು.

ಎರಡನೆಯದು 60 ಗ್ರಾಂ ತೂಕದ ಕಾಸಿನ ಸರ. ಅತ್ತೆಯವರು 1978ರಲ್ಲಿ ಮಾಡಿಸಿದ್ದು, ಮರಣಶಾಸನದಂತೆ 2012ರಲ್ಲಿ ಸೊಸೆಗೆ ಬಂದದ್ದು. ಮೌಲ್ಯಮಾಪಕರ ವರದಿ 2001ರ ಏಪ್ರಿಲ್ 1ರ ಮೌಲ್ಯವನ್ನು ಗ್ರಾಂಗೆ 385 ರೂ.ನಂತೆ 23,100 ರೂ. ಎಂದಿತು. ಅಂಗಡಿಯವರು ಕಟ್ಟಿದ ಬೆಲೆ 6,90,000 ರೂ. ಕರಗಿಸಿ ಶುದ್ಧತೆ ನೋಡಿದ ಖರ್ಚೆಂದು 900 ರೂ. ಹಿಡಿದುಕೊಂಡರು. 6,90,000ದಿಂದ 900 ಮತ್ತು 23,100 ಕಳೆದರೆ ದೀರ್ಘಾವಧಿ ಲಾಭ 6,66,000 ರೂ.

ಮೂರನೆಯದು 2024ರ ಅಕ್ಟೋಬರಿನಲ್ಲಿ ಅವರೇ ಕೊಂಡ 20 ಗ್ರಾಂ ಬಳೆ. ಚಿನ್ನದ ಬೆಲೆ, ಕೂಲಿ, ಜಿಎಸ್‌ಟಿ ಸೇರಿ ಬಿಲ್ಲಿನ ಮೊತ್ತ 1,66,000 ರೂ. ಹದಿನಾಲ್ಕು ತಿಂಗಳ ನಂತರ 2,30,000 ರೂ.ಗೆ ಕೊಟ್ಟರು. 24 ತಿಂಗಳು ತುಂಬಿಲ್ಲವಾದ್ದರಿಂದ 64,000 ರೂ. ಅಲ್ಪಾವಧಿ ಲಾಭ. ಬಿಲ್ಲು ಇದ್ದುದರಿಂದ ಕೂಲಿಯೂ ಜಿಎಸ್‌ಟಿಯೂ ವೆಚ್ಚಕ್ಕೆ ಸೇರಿದವು.

ಈಗ ತೆರಿಗೆ. ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4,00,000 ರೂ.ಗೆ ತೆರಿಗೆ ಇಲ್ಲ. ಬಡ್ಡಿ 1,20,000 ಮತ್ತು ಅಲ್ಪಾವಧಿ ಲಾಭ 64,000 ಸೇರಿ 1,84,000 ರೂ. ಆಯಿತು. ವಿನಾಯಿತಿಯಲ್ಲಿ ಇನ್ನೂ 2,16,000 ರೂ. ಬಳಸದೆ ಉಳಿದಿದೆ. ಭಾರತದಲ್ಲಿ ನೆಲೆಸಿರುವ ವ್ಯಕ್ತಿ ಈ ಉಳಿಕೆಯನ್ನು ದೀರ್ಘಾವಧಿ ಲಾಭದಿಂದ ಕಳೆಯಬಹುದು. 6,66,000ದಿಂದ 2,16,000 ಕಳೆದರೆ 4,50,000 ರೂ. ಉಳಿಯಿತು. ಅದರ ಶೇ. 12.5 ಎಂದರೆ 56,250 ರೂ.; ಸೆಸ್ 2,250 ರೂ.; ಒಟ್ಟು ತೆರಿಗೆ 58,500 ರೂ.

‘ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲ’ ಎಂಬ ಮಾತನ್ನು ನಂಬಿದವರು ಇಲ್ಲಿ ಎಡವುತ್ತಾರೆ. ಇವರ ಒಟ್ಟು ಆದಾಯ 8,50,000 ರೂ. ಮಾತ್ರ. ಆದರೂ ತೆರಿಗೆ ಬಂದಿದೆ. 87ಎ ಕಲಮಿನ ರಿಯಾಯಿತಿ ಹೊಸ ಪದ್ಧತಿಯಲ್ಲಿ ಸ್ಲ್ಯಾಬ್ ದರದ ತೆರಿಗೆಗೆ ಮಾತ್ರ ಸಿಗುತ್ತದೆ. ಶೇ. 12.5ರಂಥ ವಿಶೇಷ ದರದ ತೆರಿಗೆಗೆ 2025–26ರಿಂದ ಅದು ಇಲ್ಲ.

ಇದೇ ಲೆಕ್ಕದಲ್ಲಿ 2012ರ ಬೆಲೆಯನ್ನು, ಗ್ರಾಂಗೆ 2,700 ರೂ. ಎಂದುಕೊಳ್ಳೋಣ, ವೆಚ್ಚವಾಗಿ ತೋರಿಸಿದ್ದರೆ ಲಾಭ 1,38,900 ರೂ. ಕಡಿಮೆ ಕಾಣುತ್ತಿತ್ತು, ತೆರಿಗೆ ಸುಮಾರು 18,000 ರೂ. ಕಡಿಮೆ ಬೀಳುತ್ತಿತ್ತು. ವಿಚಾರಣೆಯಲ್ಲಿ ಅದು ಬಡ್ಡಿ ಸಮೇತ ಹಿಂದಿರುಗುತ್ತದೆ. ಮತ್ತೊಂದು ಕಡೆ, 2001ರ ಮೌಲ್ಯವನ್ನು ಕೇಳದೆ ವೆಚ್ಚವನ್ನು ಸೊನ್ನೆ ಎಂದು ಬಿಟ್ಟಿದ್ದರೆ ಹೆಚ್ಚು ಕಟ್ಟಬೇಕಾಗಿದ್ದುದು ಸುಮಾರು 3,000 ರೂ. ಮಾತ್ರ. ಅಂದರೆ ಬರಿಯ ಚಿನ್ನದ ಚಿಕ್ಕ ಒಡವೆಗೆ ಮೌಲ್ಯಮಾಪನದಿಂದ ಉಳಿಯುವ ತೆರಿಗೆ ದೊಡ್ಡದಲ್ಲ. ವಜ್ರ, ಹರಳಿನ ಒಡವೆ ಅಥವಾ ತೂಕ ಹೆಚ್ಚಿರುವ ಒಡವೆಗೆ ಆ ವರದಿ ಹೆಚ್ಚು ಉಪಯುಕ್ತ.

ಹಳೆಯದು ಕೊಟ್ಟು ಹೊಸದು ಕೊಂಡರೆ

ಮೇಲಿನ ಗೃಹಿಣಿ ಕಾಸಿನ ಸರದ ಹಣವನ್ನು ಕೈಗೆ ತೆಗೆದುಕೊಳ್ಳದೆ, ಅದೇ ಅಂಗಡಿಯಲ್ಲಿ ಮೊಮ್ಮಗಳಿಗೆ ಹೊಸ ಹಾರ ಕೊಂಡರು ಎನ್ನೋಣ. ಬಿಲ್ಲಿನಲ್ಲಿ ಹೊಸ ಹಾರದ ಬೆಲೆ 7,40,000 ರೂ., ಹಳೆಯ ಚಿನ್ನದ ಬಾಬ್ತು ಕಳೆದದ್ದು 6,89,100 ರೂ., ಉಳಿದ 50,900 ರೂ. ಬ್ಯಾಂಕ್ ಮೂಲಕ ಸಂದಾಯ. ಅವರ ಕೈಯಿಂದ ಹಣ ಹೋಗಿದೆಯೇ ಹೊರತು ಬಂದಿಲ್ಲ. ಆದರೂ ತೆರಿಗೆ ಅದೇ 58,500 ರೂ. ಕಾಯ್ದೆಯಲ್ಲಿ ‘ಹಸ್ತಾಂತರ’ ಎಂದರೆ ಮಾರಾಟ ಮಾತ್ರವಲ್ಲ, ವಿನಿಮಯವೂ ಹೌದು. ಆದುದರಿಂದ ಮದುವೆಯ ಬಜೆಟ್ಟಿನಲ್ಲಿ ಈ ತೆರಿಗೆಯ ಮೊತ್ತವನ್ನು ಮೊದಲೇ ಎತ್ತಿಡುವುದು ಒಳ್ಳೆಯದು.

ಇದರ ಮತ್ತೊಂದು ಮುಖವೂ ಇದೆ. ಹೊಸ ಹಾರದ ವೆಚ್ಚ 7,40,000 ರೂ. ಎಂದು ದಾಖಲಾಯಿತು, ಅದರ ಅವಧಿ ಆ ದಿನದಿಂದ ಹೊಸದಾಗಿ ಆರಂಭವಾಯಿತು. ಮುಂದೆ ಅದನ್ನು ಮಾರಿದಾಗ ಲಾಭವನ್ನು ಈ ಬೆಲೆಯಿಂದ ಅಳೆಯಲಾಗುತ್ತದೆ. ಎರಡು ವರ್ಷ ತುಂಬುವ ಮೊದಲು ಮಾರಿದರೆ ಅದು ಅಲ್ಪಾವಧಿಯದಾಗುತ್ತದೆ.

ಅಕ್ಕಸಾಲಿಗರಿಗೆ ತಮ್ಮದೇ ಚಿನ್ನ ಕೊಟ್ಟು, ಅದನ್ನೇ ಕರಗಿಸಿ ಬೇರೆ ಮಾದರಿಯ ಒಡವೆ ಮಾಡಿಸಿಕೊಂಡು, ಕೂಲಿ ಮಾತ್ರ ಕೊಟ್ಟರೆ ಅಲ್ಲಿ ಒಡೆತನ ಕೈಬದಲಾಗುವುದಿಲ್ಲ. ಅದು ಹಸ್ತಾಂತರವಲ್ಲ. ಆದರೆ ದೊಡ್ಡ ಅಂಗಡಿಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಹೀಗಲ್ಲ. ಹಳೆಯದನ್ನು ಬೆಲೆ ಕಟ್ಟಿ ಕೊಳ್ಳುತ್ತಾರೆ, ಹೊಸದನ್ನು ಬೆಲೆ ಹಾಕಿ ಮಾರುತ್ತಾರೆ. ಎರಡರಲ್ಲಿ ಯಾವುದು ನಡೆಯಿತು ಎಂಬುದನ್ನು ಬಿಲ್ಲು ನೋಡಿಯೇ ತಿಳಿಯಬಹುದು. ಹಳೆಯ ಚಿನ್ನಕ್ಕೆ ರೂಪಾಯಿಯಲ್ಲಿ ಬೆಲೆ ಬರೆದು ಕಳೆದಿದ್ದರೆ ಅದು ವಿನಿಮಯ. ಚಿನ್ನ ಸ್ವೀಕರಿಸಿದ ಚೀಟಿಯೂ, ಬರಿಯ ಕೂಲಿಯ ಬಿಲ್ಲೂ ಇದ್ದರೆ ಅದು ಮರುತಯಾರಿ.

ಅಡವಿಟ್ಟು ಸಾಲ ತೆಗೆಯುವುದೂ ಹಸ್ತಾಂತರವಲ್ಲ. ಸಾಲ ತೀರದೆ ಸಾಲ ಕೊಟ್ಟವರು ಒಡವೆಯನ್ನು ಹರಾಜು ಹಾಕಿದರೆ ಮಾತ್ರ ಅದು ಮಾರಾಟವೇ ಆಗುತ್ತದೆ. ಲಾಭ ಒಡವೆಯ ಒಡೆಯರದೇ.

ಲಾಭ ಯಾರದು?

ಒಡವೆ ಯಾರದೋ ಲಾಭ ಅವರದು. ಹಣ ಮಗನ ಖಾತೆಗೆ ಹೋದರೂ ತಾಯಿಯ ಸರದ ಲಾಭ ತಾಯಿಯ ರಿಟರ್ನಿನಲ್ಲೇ ಬರಬೇಕು. ತವರಿನಿಂದ ಬಂದ ಒಡವೆ ಹೆಂಡತಿಯದು. ಅದರ ಲಾಭವೂ ಅವರದು. ಆದರೆ ಮದುವೆಯ ನಂತರ ಗಂಡ ತನ್ನ ದುಡ್ಡಿನಲ್ಲಿ ಕೊಂಡು ಹೆಂಡತಿಗೆ ಉಡುಗೊರೆಯಾಗಿ ಕೊಟ್ಟ ಒಡವೆಯನ್ನು ಆಕೆ ಮಾರಿದರೆ, 64ನೇ ಕಲಮಿನ ಪ್ರಕಾರ ಆ ಲಾಭ ಗಂಡನ ಆದಾಯಕ್ಕೆ ಸೇರುತ್ತದೆ. ಗಂಡನಿಗೆ ಸಂಬಳವಿದ್ದರೆ, ಮೇಲಿನ ಉದಾಹರಣೆಯಂತೆ ಬಳಸದೆ ಉಳಿದ ವಿನಾಯಿತಿಯ ಅನುಕೂಲ ಆಗ ಸಿಗುವುದಿಲ್ಲ. ಮದುವೆಗೆ ಮೊದಲು ಕೊಟ್ಟ ಒಡವೆಗೆ ಇದು ಅನ್ವಯಿಸದು. ಕೊಡುವ ಸಮಯದಲ್ಲಿ ಅವರು ಗಂಡ ಹೆಂಡತಿ ಆಗಿರಲಿಲ್ಲ.

ವಿವಾಹಿತ ಮಹಿಳೆಗೆ 500 ಗ್ರಾಂ, ಅವಿವಾಹಿತೆಗೆ 250 ಗ್ರಾಂ, ಪುರುಷನಿಗೆ 100 ಗ್ರಾಂ ಎಂಬ ಮಿತಿಯನ್ನು ಇಲ್ಲಿ ತರಬಾರದು. ಅದು 1994ರ ಮೇ 11ರ ಇಲಾಖಾ ಸೂಚನೆಯದು. ಶೋಧ ನಡೆದಾಗ ಅಷ್ಟು ಒಡವೆಯನ್ನು ಜಪ್ತಿ ಮಾಡಬಾರದು ಎಂಬುದಷ್ಟೇ ಅದರ ಅರ್ಥ. 500 ಗ್ರಾಂವರೆಗೆ ಮಾರಿದರೆ ತೆರಿಗೆ ಇಲ್ಲ ಎಂದು ಅದರಿಂದ ಹೊರಡುವುದಿಲ್ಲ.

ಬಸದಿಗೆ ಒಡವೆ ಕೊಡುವವರು

ಒಡವೆಯನ್ನೇ ನೇರವಾಗಿ ಬಸದಿಗೋ ಟ್ರಸ್ಟಿಗೋ ದಾನವಾಗಿ ಕೊಟ್ಟರೆ ಅದು ಉಡುಗೊರೆ. ವ್ಯಕ್ತಿಯು ಕೊಟ್ಟ ಉಡುಗೊರೆಯನ್ನು ಕಾಯ್ದೆ ಬಂಡವಾಳ ಲಾಭದ ಹಸ್ತಾಂತರವೆಂದು ಎಣಿಸುವುದಿಲ್ಲ, ಆದ್ದರಿಂದ ದಾನಿಗೆ ತೆರಿಗೆ ಬರುವುದಿಲ್ಲ. ಒಡವೆಯನ್ನು ಮೊದಲು ಮಾರಿ ಹಣವನ್ನು ದಾನ ಮಾಡಿದರೆ ಮಾರಾಟದ ಲಾಭಕ್ಕೆ ತೆರಿಗೆ ಕಟ್ಟಲೇಬೇಕು. ಪೂರ್ತಿ ಹಣ ದಾನಕ್ಕೆ ಹೋಗಿದೆ ಎಂಬುದು ವಿನಾಯಿತಿಯಲ್ಲ. 80ಜಿ ಕಡಿತ ಸಿಗುವುದು ಹಣದ ರೂಪದ ದಾನಕ್ಕೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅದನ್ನು ದೀರ್ಘಾವಧಿ ಬಂಡವಾಳ ಲಾಭದಿಂದ ಕಳೆಯುವಂತಿಲ್ಲ.

ಕರಗಿಸುವ ಮೊದಲು ಮಾಡಬೇಕಾದದ್ದು

ಒಡವೆ ಒಮ್ಮೆ ಕರಗಿದರೆ ಅದರ ಕಾಲ, ಕ್ಯಾರೆಟ್, ಹರಳು ಯಾವುದನ್ನೂ ಮತ್ತೆ ತೋರಿಸಲಾಗದು. ಆದುದರಿಂದ ಮೌಲ್ಯಮಾಪಕರ ವರದಿ ಬೇಕಿದ್ದರೆ ಅಂಗಡಿಗೆ ಒಯ್ಯುವ ಮೊದಲೇ ಆಗಬೇಕು. ಒಡವೆಯ ಎರಡೂ ಬದಿಯ ಫೋಟೋ, ತೂಕದ ಚೀಟಿ, ಮರಣಶಾಸನ ಅಥವಾ ವಿಭಾಗ ಪತ್ರದ ಪ್ರತಿ, ಒಡವೆ ತೊಟ್ಟಿರುವ ಹಳೆಯ ಮದುವೆಯ ಫೋಟೋ ಇವೆಲ್ಲ ಒಡವೆ ಯಾವಾಗಿನಿಂದ ಮನೆಯಲ್ಲಿದೆ ಎಂಬುದಕ್ಕೆ ಸಾಕ್ಷಿಯಾಗುತ್ತವೆ. ಮೂಲವನ್ನು ತೋರಿಸಲಾಗದಿದ್ದರೆ ತೊಂದರೆ ತೆರಿಗೆಯ ದರದ್ದಷ್ಟೇ ಅಲ್ಲ. ಆ ಹಣ ಒಡವೆಯಿಂದಲೇ ಬಂತೇ ಎಂಬ ಪ್ರಶ್ನೆಯೇ ಏಳುತ್ತದೆ.

ಅಂಗಡಿಯಿಂದ ಪಡೆಯುವ ಖರೀದಿ ಚೀಟಿಯಲ್ಲಿ ಒಟ್ಟು ತೂಕ, ಹರಳು ಮತ್ತು ಅರಗು ಕಳೆದ ನಿವ್ವಳ ತೂಕ, ಶುದ್ಧತೆ, ಆ ದಿನದ ದರ, ಕರಗಿಸಿದ ಖರ್ಚು ಬೇರೆ ಬೇರೆಯಾಗಿ ಇರಲಿ. ಹಣ ಬ್ಯಾಂಕ್ ಮೂಲಕ ಬರಲಿ. ಒಂದೇ ವ್ಯವಹಾರದಲ್ಲಿ 2,00,000 ರೂ. ಅಥವಾ ಹೆಚ್ಚಿನ ನಗದು ಪಡೆಯುವುದನ್ನು 269ಎಸ್‌ಟಿ ಕಲಮು ನಿಷೇಧಿಸಿದೆ. ಮೀರಿದರೆ ಪಡೆದಷ್ಟೇ ಮೊತ್ತದ ದಂಡ ಪಡೆದವರಿಗೇ ಬರುತ್ತದೆ.

ಒಡವೆಯ ಲಾಭವಿದ್ದವರು ಸರಳವಾದ ಐಟಿಆರ್-1 ಬಳಸುವಂತಿಲ್ಲ. ವ್ಯಾಪಾರದ ಆದಾಯವಿಲ್ಲದವರಿಗೆ ಐಟಿಆರ್-2, ಅದರ ಬಂಡವಾಳ ಲಾಭದ ಪಟ್ಟಿಯಲ್ಲಿ ವಿವರ. ವ್ಯಾಪಾರದ ಆದಾಯವಿಲ್ಲದ 60 ವರ್ಷ ದಾಟಿದವರು ಮುಂಗಡ ತೆರಿಗೆ ಕಟ್ಟಬೇಕಿಲ್ಲ. ರಿಟರ್ನ್ ಸಲ್ಲಿಸುವಾಗ ಕಟ್ಟಿದರೆ ಸಾಕು. ಉಳಿದವರು, ವರ್ಷದ ತೆರಿಗೆ ಬಾಕಿ 10,000 ರೂ. ಮುಟ್ಟಿದರೆ, ಮಾರಾಟದ ನಂತರ ಬರುವ ಮುಂಗಡ ತೆರಿಗೆಯ ಕಂತಿನಲ್ಲೇ ಇದನ್ನು ಸೇರಿಸಿ ಕಟ್ಟಬೇಕು. ಮನೆ ಕೊಳ್ಳಲು ಒಡವೆ ಮಾರುವವರು 54ಎಫ್ ವಿನಾಯಿತಿಯನ್ನು ಕೇಳಿ ತಿಳಿಯಬಹುದು. ದೀರ್ಘಾವಧಿಯ ಒಡವೆ ಮಾರಿದ ಪೂರ್ತಿ ಹಣವನ್ನು ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಒಂದು ವಾಸದ ಮನೆ ಕೊಳ್ಳಲು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಲು ಬಳಸಿದರೆ, ಷರತ್ತುಗಳಿಗೊಳಪಟ್ಟು ಲಾಭಕ್ಕೆ ತೆರಿಗೆ ಇರುವುದಿಲ್ಲ. ಮಾರುವ ದಿನ ಹೊಸ ಮನೆಯ ಹೊರತಾಗಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು ಎಂಬುದು ಅವುಗಳಲ್ಲಿ ಮುಖ್ಯವಾದುದು.